ವಿಪಿಎನ್ ಸುರಂಗ ಎಲ್ಲಿ ನಿಂತಿತು?

ವಿಪಿಎನ್ ಸಂಪರ್ಕ ಒಂದೇ ಏಟಿಗೆ ಆಗುವ ಕೆಲಸವಲ್ಲ. ಗುಂಡಿ ಒತ್ತಿದ ಮೇಲೆ ಕಂಪ್ಯೂಟರ್ ಮೊದಲು ಸರ್ವರಿನ ಹೆಸರಿಗೆ ವಿಳಾಸ ಹುಡುಕುತ್ತದೆ. ಆ ವಿಳಾಸದ ಗೊತ್ತಾದ ಪೋರ್ಟಿಗೆ ಮೊದಲ ಪ್ಯಾಕೆಟ್ ಕಳಿಸುತ್ತದೆ. ಉತ್ತರ ಬಂದರೆ ಎರಡೂ ಕಡೆ ಸರ್ಟಿಫಿಕೇಟುಗಳ ಪರಿಶೀಲನೆ ನಡೆಯುತ್ತದೆ. ಅದಾದ ಮೇಲೆ ಬಳಕೆದಾರರ ಹೆಸರು, ಪಾಸ್‌ವರ್ಡುಗಳ ಸರದಿ. ಅವು ಒಪ್ಪಿಗೆಯಾದರೆ ಸರ್ವರ್ ಒಂದು ಒಳವಿಳಾಸ ಕೊಡುತ್ತದೆ. ಆ ವಿಳಾಸವನ್ನು ಕಂಪ್ಯೂಟರಿನ ವರ್ಚುವಲ್ ಅಡಾಪ್ಟರಿಗೆ ಹಚ್ಚಿ, ಯಾವ ಸಂಚಾರ ಸುರಂಗದೊಳಗೆ ಹೋಗಬೇಕೆಂದು ದಾರಿ ಬರೆದ ಮೇಲಷ್ಟೇ ಕೆಲಸ ಮುಗಿಯುತ್ತದೆ.

ಈ ಹಂತಗಳಲ್ಲಿ ಯಾವುದು ಮುರಿದರೂ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ಮಾತು: ಸಂಪರ್ಕ ವಿಫಲವಾಗಿದೆ, ಸುರಂಗ ನಿರ್ಮಿಸಲಾಗಲಿಲ್ಲ. ತಪ್ಪಾದ ಪಾಸ್‌ವರ್ಡಿಗೂ ಇದೇ, ಆಫೀಸಿನ ರೂಟರ್ ಆರಿಹೋದರೂ ಇದೇ. ಹೀಗಾಗಿ ಆ ಒಂದು ಸಾಲನ್ನು ನಂಬಿ ಪರಿಹಾರ ಹುಡುಕುವುದು ಕುರುಡು ಕೆಲಸವಾಗುತ್ತದೆ. ಸುರಂಗ ಯಾವ ಕ್ರಮದಲ್ಲಿ ಕಟ್ಟಲ್ಪಡುತ್ತದೋ ಅದೇ ಕ್ರಮದಲ್ಲಿ ಪರೀಕ್ಷೆಯೂ ಸಾಗಬೇಕು. ಕೊನೆಯದಾಗಿ ಸರಿಯಾಗಿ ನಡೆದ ಹಂತ ಯಾವುದೆಂದು ಗೊತ್ತಾದರೆ ದೋಷ ಅದರ ಮುಂದಿನ ಹಂತದಲ್ಲಿದೆ ಎಂದು ಅರ್ಥ.

ಬಹುಪಾಲು ಜನ ಮೊದಲು ಮಾಡುವ ಕೆಲಸ ವಿಪಿಎನ್ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದು. ಇದಕ್ಕಿಂತ ಹಾನಿಕರವಾದ ಮೊದಲ ಹೆಜ್ಜೆ ಇನ್ನೊಂದಿಲ್ಲ. ತಂತ್ರಾಂಶ ಕೆಟ್ಟಿರುವ ಸಾಧ್ಯತೆ ಕಡಿಮೆ. ಅಳಿಸುವಾಗ ಮಾತ್ರ ಏನಾಯಿತೆಂದು ಹೇಳಬಲ್ಲ ಲಾಗ್ ಕಳೆದುಹೋಗಬಹುದು, ಕೆಲವೊಮ್ಮೆ ಆಫೀಸಿನವರು ಕೊಟ್ಟಿದ್ದ ಸರ್ಟಿಫಿಕೇಟೂ ಹೋಗುತ್ತದೆ. ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು. ಇದೇ ಸರ್ವರಿಗೆ ಬೇರೆ ಊರಿನಿಂದ ಸಂಪರ್ಕಿಸುವ ಸಹೋದ್ಯೋಗಿಗೆ ಈಗ ವಿಪಿಎನ್ ಸಿಗುತ್ತಿದೆಯೇ? ಇದೇ ಲ್ಯಾಪ್‌ಟಾಪನ್ನು ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿದರೆ ಸಿಗುತ್ತದೆಯೇ? ಯಾರಿಗೂ ಸಿಗದಿದ್ದರೆ ದೋಷ ಸರ್ವರಿನ ಕಡೆಗಿದೆ. ಹಾಟ್‌ಸ್ಪಾಟಿನಲ್ಲಿ ಸಿಕ್ಕರೆ ಮನೆಯ ಅಥವಾ ಹೋಟೆಲಿನ ನೆಟ್‌ವರ್ಕ್ ಅಡ್ಡ ನಿಂತಿದೆ. ಉಳಿದವರಿಗೆಲ್ಲ ಸಿಕ್ಕು, ಎರಡೂ ನೆಟ್‌ವರ್ಕಿನಲ್ಲಿ ಈ ಒಬ್ಬರಿಗೆ ಮಾತ್ರ ಸಿಗದಿದ್ದರೆ ದೋಷ ಆ ಕಂಪ್ಯೂಟರಿನಲ್ಲೋ ಆ ಖಾತೆಯಲ್ಲೋ ಇದೆ. ಐದು ನಿಮಿಷದ ಈ ವಿಚಾರಣೆ ಎಷ್ಟೋ ಗಂಟೆಗಳ ತಡಕಾಟವನ್ನು ಉಳಿಸುತ್ತದೆ.

ಮುಂದಿನ ಸಾಕ್ಷಿ ಲಾಗ್. ಸಣ್ಣ ಮತ್ತು ಮಧ್ಯಮ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಓಪನ್‌ವಿಪಿಎನ್ ಇದನ್ನು ಚೆನ್ನಾಗಿ ಬರೆದಿಡುತ್ತದೆ. ವಿಂಡೋಸಿನಲ್ಲಿ ಗಡಿಯಾರದ ಪಕ್ಕದ ಅದರ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ `View Log` ಆರಿಸಿದರೆ ಲಾಗ್ ತೆರೆಯುತ್ತದೆ. ನೂರಾರು ಸಾಲುಗಳಿದ್ದರೂ ಹೆದರಬೇಕಿಲ್ಲ. ಎಲ್ಲ ಸರಿಯಾಗಿ ನಡೆದ ದಿನ ಅದರಲ್ಲಿ ಈ ಮೈಲಿಗಲ್ಲುಗಳು ಇದೇ ಕ್ರಮದಲ್ಲಿ ಬರುತ್ತವೆ:

```
UDP link remote: [AF_INET]203.0.113.25:1194
TLS: Initial packet from [AF_INET]203.0.113.25:1194
VERIFY OK: depth=0, CN=server
[server] Peer Connection Initiated with ...
PUSH: Received control message: 'PUSH_REPLY,...'
Initialization Sequence Completed
```

ಮೊದಲ ಸಾಲು ಬಂದರೆ ಹೆಸರಿಗೆ ವಿಳಾಸ ಸಿಕ್ಕಿದೆ, ಪ್ಯಾಕೆಟ್ ಹೊರಟಿದೆ. ಎರಡನೆಯದು ಸರ್ವರಿನಿಂದ ಉತ್ತರ ಬಂದಿತೆಂದು ಹೇಳುತ್ತದೆ. ಮೂರನೆಯದು ಸರ್ವರಿನ ಸರ್ಟಿಫಿಕೇಟ್ ಒಪ್ಪಿಗೆಯಾಯಿತು ಎಂಬುದಕ್ಕೆ, ನಾಲ್ಕನೆಯದು ಗೂಢಲಿಪಿಯ ಮಾತುಕತೆ ಮುಗಿಯಿತು ಎಂಬುದಕ್ಕೆ ಗುರುತು. ಐದನೆಯದರಲ್ಲಿ ಒಳವಿಳಾಸ ಬರುತ್ತದೆ, ಕೊನೆಯದರಲ್ಲಿ ಸುರಂಗ ಸಿದ್ಧವಾಗುತ್ತದೆ. ವಿಫಲವಾದ ದಿನದ ಲಾಗಿನಲ್ಲಿ ಇವುಗಳ ಪೈಕಿ ಎಲ್ಲಿಯವರೆಗೆ ಬಂದಿದೆ ಎಂದಷ್ಟೇ ನೋಡಬೇಕು. ಬೇರೆ ಕಂಪನಿಗಳ ತಂತ್ರಾಂಶಗಳಲ್ಲಿ ಸಾಲುಗಳ ಮಾತು ಬೇರೆಯಿದ್ದರೂ ಹಂತಗಳು ಬಹುಮಟ್ಟಿಗೆ ಇವೇ.

ಮೊದಲ ಮೈಲಿಗಲ್ಲೇ ಇಲ್ಲದೆ `RESOLVE: Cannot resolve host address` ಎಂದಿದ್ದರೆ ಹೆಸರಿಗೆ ವಿಳಾಸ ಸಿಕ್ಕಿಲ್ಲ. ಇಂಟರ್ನೆಟ್ಟೇ ಇಲ್ಲದಿರುವುದು ಇದರ ಸಾಮಾನ್ಯ ಕಾರಣ. ವೈಫೈ ಚಿಹ್ನೆ ತುಂಬಿರುವುದು ಇಂಟರ್ನೆಟ್ ಇದೆ ಎಂಬುದಕ್ಕೆ ಪುರಾವೆಯಲ್ಲ. ರೈಲು ನಿಲ್ದಾಣದ ವೈಫೈ ಆಗಲಿ, ಹೋಟೆಲಿನದಾಗಲಿ, ಬ್ರೌಸರಿನಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ತುಂಬುವವರೆಗೆ ಏನನ್ನೂ ಹೊರಗೆ ಬಿಡುವುದಿಲ್ಲ. ಆದ್ದರಿಂದ ವಿಪಿಎನ್‌ಗೆ ಮುಂಚೆ ಬ್ರೌಸರಿನಲ್ಲಿ ಹಿಂದೆಂದೂ ತೆರೆಯದ ಒಂದು ಪುಟ ತೆರೆದು ನೋಡುವುದು ಒಳ್ಳೆಯದು. ಪುಟ ತೆರೆದುಕೊಂಡರೂ ವಿಪಿಎನ್ ಸರ್ವರಿನ ಹೆಸರು ಮಾತ್ರ ಸಿಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಕೇಳಿ ನೋಡಬಹುದು:

```
nslookup vpn.example.com
```

`vpn.example.com` ಇರುವಲ್ಲಿ ತಮ್ಮ ಆಫೀಸಿನ ಸರ್ವರಿನ ಹೆಸರನ್ನು ಬರೆಯಬೇಕು. ಬಂದ ವಿಳಾಸವನ್ನು ಗುರುತು ಹಾಕಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಅತಿ ಹೆಚ್ಚು ಜನರನ್ನು ಕಾಡುವುದು, ಅತಿ ಹೆಚ್ಚು ತಪ್ಪು ತೀರ್ಮಾನಗಳಿಗೆ ದೂಡುವುದು ಎರಡನೆಯ ಮೈಲಿಗಲ್ಲು. ಪ್ಯಾಕೆಟ್ ಹೊರಟಿದೆ, ಆದರೆ ಒಂದು ನಿಮಿಷ ಕಳೆದರೂ ಉತ್ತರವಿಲ್ಲ. ಆಗ ಲಾಗಿನಲ್ಲಿ ಈ ಪ್ರಸಿದ್ಧ ಸಾಲು ಕಾಣುತ್ತದೆ:

```
TLS Error: TLS key negotiation failed to occur within 60 seconds
(check your network connectivity)
```

ಓಪನ್‌ವಿಪಿಎನ್ ಸಾಮಾನ್ಯವಾಗಿ ಬಳಸುವುದು ಯುಡಿಪಿ ವಿಧಾನದ 1194ನೇ ಪೋರ್ಟನ್ನು. ಯುಡಿಪಿಯಲ್ಲಿ ಕಳಿಸಿದ ಪ್ಯಾಕೆಟ್ ತಲುಪಿತೋ ಇಲ್ಲವೋ ಎಂದು ತಿಳಿಸುವ ರಸೀದಿ ಇರುವುದಿಲ್ಲ. ನಡುವಿನ ಫೈರ್‌ವಾಲ್ ಅದನ್ನು ನುಂಗಿದರೂ ಮೌನ, ಸರ್ವರ್ ಆರಿದ್ದರೂ ಮೌನ. ಈ ಮೌನವನ್ನು ಪರೀಕ್ಷಿಸಲು ಜನ ಪಿಂಗ್ ಮಾಡುತ್ತಾರೆ. ಅದಕ್ಕೆ ಉತ್ತರ ಬಾರದಿದ್ದರೆ ಸರ್ವರ್ ಸತ್ತಿದೆ ಎನ್ನುತ್ತಾರೆ. ಎಷ್ಟೋ ಸರ್ವರುಗಳಲ್ಲಿ ಪಿಂಗ್‌ಗೆ ಉತ್ತರಿಸದಂತೆ ಬೇಕೆಂದೇ ಏರ್ಪಾಡು ಮಾಡಿರುತ್ತಾರೆ, ಹಾಗಾಗಿ ಆ ತೀರ್ಮಾನ ನಿಲ್ಲುವುದಿಲ್ಲ. ಇನ್ನು ಕೆಲವರು ವಿಂಡೋಸಿನ `Test-NetConnection` ಆದೇಶದಿಂದ 1194ನೇ ಪೋರ್ಟನ್ನು ತಟ್ಟಿ, ಮುಚ್ಚಿದೆ ಎಂಬ ಉತ್ತರ ನೋಡಿ ಗಾಬರಿಯಾಗುತ್ತಾರೆ. ಆ ಆದೇಶ ಟಿಸಿಪಿ ಪೋರ್ಟುಗಳನ್ನು ಮಾತ್ರ ಪರೀಕ್ಷಿಸಬಲ್ಲದು. ಯುಡಿಪಿಯ ಬಗ್ಗೆ ಅದು ಏನನ್ನೂ ಹೇಳಲಾರದು.

ಹಾಗಾದರೆ ತಿಳಿಯುವುದು ಹೇಗೆ? ಹಾಟ್‌ಸ್ಪಾಟಿನ ಪರೀಕ್ಷೆಗೆ ಇಲ್ಲಿಯೇ ನಿಜವಾದ ಬೆಲೆ. ಕಾಲೇಜು, ಆಸ್ಪತ್ರೆ, ಹೋಟೆಲುಗಳ ನೆಟ್‌ವರ್ಕುಗಳಲ್ಲಿ ವೆಬ್ ಪುಟಗಳಿಗೆ ಬೇಕಾದ ಪೋರ್ಟುಗಳನ್ನು ಬಿಟ್ಟು ಉಳಿದದ್ದನ್ನು ಮುಚ್ಚುವ ರೂಢಿಯಿದೆ. ಹಾಟ್‌ಸ್ಪಾಟಿನಲ್ಲಿ ಸುರಂಗ ಏಳುತ್ತದೆ, ಅಲ್ಲಿನ ವೈಫೈಯಲ್ಲಿ ಏಳುವುದಿಲ್ಲ ಎಂದರೆ ಕಾರಣ ಅದೇ ಇರಬೇಕು. ಸರ್ವರ್ ನೋಡಿಕೊಳ್ಳುವವರು ಟಿಸಿಪಿ 443ನೇ ಪೋರ್ಟಿನಲ್ಲೂ ಒಂದು ಬಾಗಿಲು ತೆರೆದಿಟ್ಟಿದ್ದರೆ ಆ ಪ್ರೊಫೈಲನ್ನು ಬಳಸಬಹುದು. ವೆಬ್ ಪುಟಗಳ ಪೋರ್ಟ್ ಅದೇ ಆದ್ದರಿಂದ ಅದನ್ನು ಮುಚ್ಚುವವರು ಕಡಿಮೆ. ವೇಗ ತುಸು ಇಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ.

ಹಾಟ್‌ಸ್ಪಾಟಿನಲ್ಲೂ ಇದೇ ಮೌನವಿದ್ದರೆ ಹುಡುಕಾಟ ಸರ್ವರಿನ ಕಡೆಗೆ ಹೊರಳಬೇಕು. ಒಂದು ಉದಾಹರಣೆಯನ್ನು ಪೂರ್ತಿ ಹಿಂಬಾಲಿಸಬಹುದು. ಬೆಂಗಳೂರಿನ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಓಪನ್‌ವಿಪಿಎನ್ ಸರ್ವರ್ ಇದೆ, ಹುಬ್ಬಳ್ಳಿಯ ಸಿಬ್ಬಂದಿ ಅದರ ಮೂಲಕ ಕಡತಗಳನ್ನು ತೆರೆಯುತ್ತಾರೆ ಎಂದುಕೊಳ್ಳೋಣ. ಶುಕ್ರವಾರದವರೆಗೆ ಸರಿಯಿದ್ದದ್ದು ಸೋಮವಾರ ಬೆಳಗ್ಗೆ ಇಲ್ಲ. ಹಾಟ್‌ಸ್ಪಾಟಿನಲ್ಲೂ ಇಲ್ಲ, ಮೈಸೂರಿನ ಸಹೋದ್ಯೋಗಿಗೂ ಇಲ್ಲ. ಹೆಸರಿಗೆ ವಿಳಾಸ ಸಿಗುತ್ತಿದೆ. ಲಾಗಿನಲ್ಲಿ ಮೊದಲ ಮೈಲಿಗಲ್ಲಿದೆ, ಎರಡನೆಯದಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಮಾಡಬಹುದಾದ ಪರೀಕ್ಷೆ ಇಲ್ಲಿಗೆ ಮುಗಿಯಿತು; ಇನ್ನು ಸರ್ವರಿನ ಮುಂದೆ ಕುಳಿತವರ ಸರದಿ. ಅವರು ಅಲ್ಲಿ ಈ ಆದೇಶ ಕೊಟ್ಟು ಕಾಯಬೇಕು:

```
sudo tcpdump -n -i any udp port 1194
```

ಇದು 1194ನೇ ಪೋರ್ಟಿಗೆ ಬರುವ ಪ್ರತಿ ಪ್ಯಾಕೆಟನ್ನೂ ಒಂದು ಸಾಲಾಗಿ ತೋರಿಸುತ್ತದೆ. ಫೋನಿನಲ್ಲಿ ಮಾತಾಡಿಕೊಂಡು ಹುಬ್ಬಳ್ಳಿಯವರು ಗುಂಡಿ ಒತ್ತುತ್ತಾರೆ. ಬೆಂಗಳೂರಿನ ಪರದೆ ಅಲುಗಾಡುವುದಿಲ್ಲ. ಅಲ್ಲಿಗೆ ಸರ್ವರಿನ ಸೆಟ್ಟಿಂಗು, ಸರ್ಟಿಫಿಕೇಟು, ಪಾಸ್‌ವರ್ಡು ಯಾವುದಕ್ಕೂ ಸಂಬಂಧವಿಲ್ಲ ಎಂದು ಖಚಿತವಾಯಿತು. ಪ್ಯಾಕೆಟ್ ಕಟ್ಟಡದೊಳಗೇ ಬರುತ್ತಿಲ್ಲ.

ನಡುವೆ ಉಳಿದದ್ದು ಕಚೇರಿಯ ರೂಟರ್ ಮತ್ತು ಬ್ರಾಡ್‌ಬ್ಯಾಂಡ್ ಸಂಸ್ಥೆ. ವಾರಾಂತ್ಯದಲ್ಲಿ ಬ್ರಾಡ್‌ಬ್ಯಾಂಡಿನವರು ಹಳೆಯ ರೂಟರ್ ತೆಗೆದು ಹೊಸದನ್ನು ಕೂರಿಸಿ ಹೋಗಿದ್ದಾರೆ. ಹೊರಗಿನಿಂದ 1194ಕ್ಕೆ ಬಂದದ್ದನ್ನು ಒಳಗಿನ ಸರ್ವರಿಗೆ ದಾಟಿಸಬೇಕೆಂಬ ಪೋರ್ಟ್ ಫಾರ್ವರ್ಡಿಂಗ್ ನಿಯಮ ಹಳೆಯ ರೂಟರಿನ ಜೊತೆಗೇ ಹೋಗಿದೆ. ಆ ನಿಯಮವನ್ನು ಮತ್ತೆ ಬರೆದರೂ ಪರದೆ ಅಲುಗಾಡುವುದಿಲ್ಲ. ಇಲ್ಲಿಗೆ ಬಂದು ಅನೇಕರು ಸರ್ವರನ್ನೇ ಮತ್ತೆ ಕಟ್ಟಲು ಹೊರಡುತ್ತಾರೆ. ಅದರ ಬದಲು ನೋಡಬೇಕಾದದ್ದು ರೂಟರಿನ ಪುಟದಲ್ಲಿ WAN ಎಂಬ ತಲೆಬರಹದ ಕೆಳಗಿನ ವಿಳಾಸವನ್ನು. ಅಲ್ಲಿ 100.72 ಎಂದು ಶುರುವಾಗುವ ಸಂಖ್ಯೆಯಿದೆ. ಕಚೇರಿಯ ಕಂಪ್ಯೂಟರಿನಿಂದ ನಮ್ಮ ಐಪಿ ವಿಳಾಸ ಯಾವುದೆಂದು ಯಾವುದಾದರೂ ಜಾಲತಾಣದಲ್ಲಿ ಕೇಳಿದರೆ ಬೇರೆಯೇ ಸಂಖ್ಯೆ ಬರುತ್ತದೆ. ಎರಡೂ ಹೊಂದುತ್ತಿಲ್ಲ ಎಂಬುದರಲ್ಲಿ ಉತ್ತರವಿದೆ.

100.64ರಿಂದ 100.127ರವರೆಗೆ ಶುರುವಾಗುವ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಸಂಸ್ಥೆಗಳ ಒಳಬಳಕೆಗೆಂದೇ ಮೀಸಲಿಟ್ಟರು. ಐಪಿವಿ4 ವಿಳಾಸಗಳ ಕೊರತೆಯಿಂದಾಗಿ ಸಂಸ್ಥೆಗಳು ಅನೇಕ ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಎಂದು ಹೆಸರು. ಒಳಗಿನಿಂದ ಹೊರಗೆ ಹೋಗುವವರಿಗೆ ಇದರಿಂದ ತೊಂದರೆಯಿಲ್ಲ. ಹುಬ್ಬಳ್ಳಿಯ ಸಿಬ್ಬಂದಿಯ ಮನೆ ಇಂಥ ವ್ಯವಸ್ಥೆಯ ಹಿಂದಿದ್ದರೂ ವಿಪಿಎನ್ ನಡೆಯುತ್ತದೆ. ಆದರೆ ಸರ್ವರ್ ಅದರ ಹಿಂದೆ ಸಿಕ್ಕಿಕೊಂಡರೆ ಹೊರಗಿನಿಂದ ಬಂದ ಪ್ಯಾಕೆಟ್ ಯಾವ ಗ್ರಾಹಕನದೆಂದು ಸಂಸ್ಥೆಯ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅದನ್ನು ಎಸೆದುಬಿಡುತ್ತದೆ. ಸರ್ವರಿನಲ್ಲಿದ್ದ ಡೈನಮಿಕ್ ಡಿಎನ್ಎಸ್ ತಂತ್ರಾಂಶ ಆ ಹಂಚಿಕೆಯ ಹೊರವಿಳಾಸವನ್ನೇ ಹೆಸರಿಗೆ ಜೋಡಿಸಿದ್ದರಿಂದ ಹುಬ್ಬಳ್ಳಿಯಲ್ಲಿ ಹೆಸರಿನ ಪರೀಕ್ಷೆ ಸರಿಯಾಗಿಯೇ ಕಂಡಿತ್ತು. ರೂಟರಿನಲ್ಲಿ ಏನು ಬರೆದರೂ ಇದು ಸರಿಹೋಗದು. ಬ್ರಾಡ್‌ಬ್ಯಾಂಡ್ ಸಂಸ್ಥೆಯಿಂದ ಸ್ಥಿರವಾದ ಸಾರ್ವಜನಿಕ ಐಪಿ ವಿಳಾಸವನ್ನು ಕೇಳಿ ಪಡೆಯಬೇಕು, ಆ ವಿಳಾಸಕ್ಕೆ ಸರ್ವರಿನ ಹೆಸರನ್ನು ತಿರುಗಿಸಬೇಕು. ಅದಾದ ಮೇಲೆ ಹುಬ್ಬಳ್ಳಿಯಲ್ಲಿ ಗುಂಡಿ ಒತ್ತಿದರೆ ಬೆಂಗಳೂರಿನ ಪರದೆಯಲ್ಲಿ ಸಾಲುಗಳು ಓಡುತ್ತವೆ.

ಪ್ಯಾಕೆಟ್ ಸರ್ವರಿಗೆ ಬರುತ್ತಿರುವುದು ಕಾಣುತ್ತಿದೆ, ಆದರೂ ಬಳಕೆದಾರರ ಕಡೆ ಮೌನವೇ ಇದೆ ಎಂಬ ಸಂದರ್ಭವೂ ಉಂಟು. ಅಪರಿಚಿತರು ಬಾಗಿಲು ತಟ್ಟಿದರೆ ಉತ್ತರವನ್ನೇ ಕೊಡದಿರಲು ಓಪನ್‌ವಿಪಿಎನ್‌ನಲ್ಲಿ `tls-auth` ಮತ್ತು `tls-crypt` ಎಂಬ ಏರ್ಪಾಡುಗಳಿವೆ. ಎರಡೂ ಕಡೆ ಒಂದೇ ರಹಸ್ಯ ಕೀಲಿ ಇರಬೇಕು. ಸರ್ವರಿನಲ್ಲಿ ಕೀಲಿ ಬದಲಿಸಿ, ಒಬ್ಬರ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರೊಫೈಲ್ ಉಳಿದಿದ್ದರೆ ಸರ್ವರ್ ಅವರನ್ನು ಅಪರಿಚಿತರೆಂದೇ ಬಗೆಯುತ್ತದೆ. ಆಗ ಹೊಸ ಪ್ರೊಫೈಲ್ ಕಳಿಸುವುದೇ ಪರಿಹಾರ.

ಮೂರನೆಯ ಮೈಲಿಗಲ್ಲಿನಲ್ಲಿ ಎಡವಿದಾಗ ಕಾರಣ ಸಾಮಾನ್ಯವಾಗಿ ತಾರೀಖು. ಪ್ರತಿ ಸರ್ಟಿಫಿಕೇಟಿಗೂ ಶುರುವಾಗುವ ದಿನ, ಮುಗಿಯುವ ದಿನ ಇರುತ್ತವೆ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಲಾಗಿನಲ್ಲಿ `certificate is not yet valid` ಎಂದು ಬರುತ್ತದೆ. ಇದನ್ನು ಗುರುತಿಸುವುದು ಸುಲಭ, ಬ್ಯಾಂಕಿನ ಜಾಲತಾಣವೂ ಬ್ರೌಸರಿನಲ್ಲಿ ತಾರೀಖಿನ ದೋಷ ತೋರಿಸುತ್ತದೆ. ತಾರೀಖು ಸರಿಪಡಿಸಿದರೆ ಎರಡೂ ಸರಿಹೋಗುತ್ತವೆ. `certificate has expired` ಎಂದಿದ್ದು, ತಮ್ಮ ಗಡಿಯಾರ ಸರಿಯಿದ್ದರೆ ಸರ್ವರಿನ ಕಡೆಯ ಸರ್ಟಿಫಿಕೇಟಿನ ಅವಧಿ ಮುಗಿದಿದೆ; ಅದನ್ನು ಅಲ್ಲಿನವರೇ ನವೀಕರಿಸಬೇಕು.

ಇಲ್ಲಿ ಒಂದು ಬಲೆಯಿದೆ, ಅನುಭವಿಗಳೂ ಅದರಲ್ಲಿ ಬೀಳುತ್ತಾರೆ. ಬಳಕೆದಾರರ ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೆ ಅದನ್ನು ತಿರಸ್ಕರಿಸುವುದು ಸರ್ವರ್, ಕಾರಣ ಬರೆದಿಡುವುದೂ ತನ್ನ ಲಾಗಿನಲ್ಲಿ ಮಾತ್ರ. ಬಳಕೆದಾರರಿಗೆ ಮತ್ತೆ ಅದೇ 60 ಸೆಕೆಂಡಿನ ಸಾಲು, ನೆಟ್‌ವರ್ಕ್ ಪರೀಕ್ಷಿಸಿ ಎಂಬ ಅದೇ ಸಲಹೆ ಕಾಣಬಹುದು. ರದ್ದಾದ ಸರ್ಟಿಫಿಕೇಟುಗಳ ಪಟ್ಟಿಯ ಕಥೆಯೂ ಹೀಗೆಯೇ. ಕೆಲಸ ಬಿಟ್ಟು ಹೋದವರ ಪ್ರವೇಶ ತಡೆಯಲು ಸರ್ವರಿನಲ್ಲಿ ಸಿಆರ್‌ಎಲ್ ಎಂಬ ಪಟ್ಟಿ ಇಡುತ್ತಾರೆ. ಓಪನ್‌ವಿಪಿಎನ್ ಜೊತೆ ಬಳಸುವ ಈಸಿ-ಆರ್‌ಎಸ್‌ಎ ಸಲಕರಣೆಯಲ್ಲಿ, ಬೇರೆ ಹೇಳದಿದ್ದರೆ, ಆ ಪಟ್ಟಿಯ ಆಯುಷ್ಯ 180 ದಿನ. ಅದು ಮುಗಿದ ಗಳಿಗೆಯಿಂದ ಯಾವ ತಪ್ಪೂ ಇಲ್ಲದ ಎಲ್ಲ ಸಿಬ್ಬಂದಿಗೂ ಬಾಗಿಲು ಮುಚ್ಚುತ್ತದೆ. ಸರ್ವರಿನ ಲಾಗಿನಲ್ಲಿ `CRL has expired` ಎಂದಿರುತ್ತದೆ. `./easyrsa gen-crl` ಆದೇಶದಿಂದ ಪಟ್ಟಿಯನ್ನು ಹೊಸದಾಗಿ ಮಾಡಿ, ಸರ್ವರ್ ಓದುವ ಜಾಗಕ್ಕೆ ನಕಲಿಸಿದರೆ ಎಲ್ಲರಿಗೂ ಮತ್ತೆ ಪ್ರವೇಶ ಸಿಗುತ್ತದೆ.

ಒಂದೇ ಸಾಲಿನ ಈ ಎರಡು ಅರ್ಥಗಳನ್ನು ಬೇರ್ಪಡಿಸುವುದು ಅದರ ಹಿಂದಿನ ಸಾಲುಗಳು. 60 ಸೆಕೆಂಡಿನ ದೂರಿಗೆ ಮೊದಲು `TLS: Initial packet from` ಕಾಣಿಸಿದ್ದರೆ, ಅದರ ಹಿಂದೆಯೇ `VERIFY OK` ಬಂದಿದ್ದರೆ, ನೆಟ್‌ವರ್ಕ್ ಸರಿಯಿದೆ. ಸರ್ವರ್ ಮಾತಾಡಿದೆ, ಆಮೇಲೆ ನಿರಾಕರಿಸಿದೆ. ಆಗ ರೂಟರನ್ನು ಆರಿಸಿ ಹಚ್ಚುತ್ತಾ ಕೂರುವುದು ವ್ಯರ್ಥ. ಸರ್ವರಿನ ಲಾಗ್ ನೋಡುವಂತೆ ಕೇಳಬೇಕು, ಪ್ರಯತ್ನಿಸಿದ ನಿಖರ ವೇಳೆಯನ್ನೂ ತಿಳಿಸಬೇಕು. ಬಹುತೇಕ ಕಚೇರಿಗಳಲ್ಲಿ ಸಹಾಯ ವಿಭಾಗಕ್ಕೆ ಹೋಗುವ ದೂರಿನಲ್ಲಿ ಈ ವೇಳೆಯೇ ಇರುವುದಿಲ್ಲ, ಸಾವಿರಾರು ಸಾಲುಗಳಲ್ಲಿ ಹುಡುಕುವವರು ಸೋಲುತ್ತಾರೆ.

ನಾಲ್ಕನೆಯ ಮೈಲಿಗಲ್ಲು ದಾಟಿದ ಮೇಲೆ ಕೆಲಸ ಸರಳ. `AUTH_FAILED` ಎಂಬ ಪದ ಬಂದರೆ ಸುರಂಗದ ದಾರಿಯೆಲ್ಲ ಸರಿಯಿದೆ, ಖಾತೆಯಲ್ಲಿ ಮಾತ್ರ ದೋಷವಿದೆ. ಪಾಸ್‌ವರ್ಡಿನ ಅವಧಿ ಮುಗಿದಿರಬಹುದು, ಇಲ್ಲವೇ ಫೋನಿನ ಆ್ಯಪ್ ತೋರಿಸುವ ಆರಂಕಿಯ ಸಂಕೇತ ತಪ್ಪಿರಬಹುದು. ಆ ಸಂಕೇತ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಗಡಿಯಾರ ನೋಡಿ ಬದಲಾಗುವಂಥದು. ಫೋನಿನ ವೇಳೆ ಒಂದೆರಡು ನಿಮಿಷ ತಪ್ಪಿದ್ದರೂ ಸರ್ವರ್ ಅದನ್ನು ಒಪ್ಪದು. ಫೋನಿನಲ್ಲಿ ವೇಳೆಯನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಇಟ್ಟರೆ ಸಾಕು. ಇಲ್ಲಿ ಮತ್ತೆ ಮತ್ತೆ ಪ್ರಯತ್ನಿಸಬಾರದು. ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ಖಾತೆಗೇ ಬೀಗ ಬೀಳುವ ಏರ್ಪಾಡು ಅನೇಕ ಕಚೇರಿಗಳಲ್ಲಿದೆ. ಆಮೇಲೆ ಸರಿಯಾದ ಪಾಸ್‌ವರ್ಡೂ ನಡೆಯುವುದಿಲ್ಲ, ಮೂಲ ಕಾರಣ ಇನ್ನಷ್ಟು ಮಸುಕಾಗುತ್ತದೆ.

ಒಳವಿಳಾಸ ಬಂದ ಮೇಲೂ ಸುರಂಗ ನಿಲ್ಲದಿದ್ದರೆ ಆ ಕಂಪ್ಯೂಟರಿನ ವರ್ಚುವಲ್ ಅಡಾಪ್ಟರನ್ನು ಅನುಮಾನಿಸಬೇಕು. ಇನ್ನೊಂದು ವಿಪಿಎನ್ ತಂತ್ರಾಂಶ ಅದನ್ನು ಹಿಡಿದಿರಬಹುದು, ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಅದನ್ನು ಯಾರಾದರೂ ನಿಷ್ಕ್ರಿಯ ಮಾಡಿರಬಹುದು. ಮೊದಲು ಅಳಿಸಿ ಮತ್ತೆ ಹಾಕಬಾರದೆಂದು ಹೇಳಿದ ತಂತ್ರಾಂಶವನ್ನು, ಪ್ರೊಫೈಲನ್ನು ಬೇರೆಡೆ ನಕಲಿಸಿಟ್ಟುಕೊಂಡು, ಮತ್ತೆ ಹಾಕಿ ನೋಡುವ ಸಮಯ ಇದು. ಅಡಾಪ್ಟರಿನ ಡ್ರೈವರ್ ಕೆಟ್ಟಿದ್ದರೆ ಅದರಿಂದ ಸರಿಹೋಗುತ್ತದೆ.

ಕೊನೆಯ ಮೈಲಿಗಲ್ಲೂ ಬಂದು, ಸಂಪರ್ಕವಾಗಿದೆ ಎಂದು ಹಸಿರು ಬಣ್ಣ ಕಂಡು, ಆಫೀಸಿನ ಕಡತ ಮಾತ್ರ ತೆರೆಯದಿದ್ದರೆ ಅದು ಸುರಂಗದ ವೈಫಲ್ಯವಲ್ಲ, ದಾರಿಯ ಗೊಂದಲ. ಮನೆಯ ರೂಟರೂ ಆಫೀಸಿನದೂ 192.168.1 ಎಂಬ ಒಂದೇ ವಿಳಾಸ ಸರಣಿಯನ್ನು ಬಳಸುತ್ತಿರುವುದು ಇದರ ಸಾಮಾನ್ಯ ಕಾರಣ. ಆಫೀಸಿನ 192.168.1.10 ಎಂಬ ಕಡತಗಳ ಸರ್ವರನ್ನು ಲ್ಯಾಪ್‌ಟಾಪ್ ಮನೆಯ ನೆಟ್‌ವರ್ಕಿನಲ್ಲೇ ಹುಡುಕುತ್ತದೆ, ಪ್ಯಾಕೆಟ್ ಸುರಂಗದೊಳಗೆ ಇಳಿಯುವುದೇ ಇಲ್ಲ. ವಿಂಡೋಸಿನ `ipconfig` ಆದೇಶದಲ್ಲಿ ವೈಫೈ ಅಡಾಪ್ಟರಿನ ವಿಳಾಸ ನೋಡಿದರೆ ಇದು ಗೊತ್ತಾಗುತ್ತದೆ. ಹಾಟ್‌ಸ್ಪಾಟಿಗೆ ಬದಲಿಸಿದ ಕೂಡಲೇ ಕಡತ ತೆರೆದರೆ ಅನುಮಾನ ನಿಜವಾದಂತೆ, ಏಕೆಂದರೆ ಫೋನುಗಳು ಸಾಮಾನ್ಯವಾಗಿ ಬೇರೆ ಸರಣಿಯನ್ನು ಹಂಚುತ್ತವೆ. ಮನೆಯ ರೂಟರಿನ ಪುಟದಲ್ಲಿ ಸರಣಿಯನ್ನು 192.168.77ಕ್ಕೋ ಅಂಥ ಇನ್ನೊಂದಕ್ಕೋ ಬದಲಿಸಿ, ಮನೆಯ ಸಾಧನಗಳನ್ನೆಲ್ಲ ಒಮ್ಮೆ ವೈಫೈಯಿಂದ ಕಳಚಿ ಮತ್ತೆ ಜೋಡಿಸಿದರೆ ಗೊಂದಲ ನಿವಾರಣೆಯಾಗುತ್ತದೆ.